ಕೈ ಹೋದರೂ ಮಿದುಳಿನಲ್ಲಿ ಉಳಿಯುವ ಬೆರಳುಗಳು

ಹುಡುಗನಿಗೆ 17 ವರ್ಷ. ಕಾರು ಅಪಘಾತದಲ್ಲಿ ಒಂದು ಕೈ ಮೊಣಕೈಗಿಂತ ಮೇಲಕ್ಕೇ ಹೋಗಿತ್ತು. ಕೆಲವೇ ವಾರ ಕಳೆದಿತ್ತು. ಅಮೆರಿಕದ ಸ್ಯಾನ್ ಡಿಯಾಗೊದಲ್ಲಿ ನರವಿಜ್ಞಾನಿ ವಿ. ಎಸ್. ರಾಮಚಂದ್ರನ್ ಅವನನ್ನು ಕೂರಿಸಿ, ಕಣ್ಣು ಮುಚ್ಚಿಸಿ, ಹತ್ತಿ ಸುತ್ತಿದ ಕಡ್ಡಿಯಿಂದ ಮೈಮೇಲೆ ಅಲ್ಲಲ್ಲಿ ಮುಟ್ಟುತ್ತ ಹೋದರು. ಪ್ರತಿ ಸಲವೂ ಅದೇ ಪ್ರಶ್ನೆ: ಎಲ್ಲಿ ಮುಟ್ಟಿದ ಹಾಗಾಯಿತು?

ಕೆನ್ನೆ ಮುಟ್ಟಿದಾಗ ಹುಡುಗ ಕೆನ್ನೆ ಎಂದ. ಅದರ ಜೊತೆಗೇ, ಇಲ್ಲದ ಹೆಬ್ಬೆರಳನ್ನೂ ಯಾರೋ ಮುಟ್ಟುತ್ತಿದ್ದಾರೆ ಎಂದ. ಮೇಲ್ದುಟಿ ಸವರಿದರೆ ತೋರುಬೆರಳು, ಕೆಳದವಡೆ ಸವರಿದರೆ ಕಿರುಬೆರಳು. ಕೆನ್ನೆಯ ಮೇಲೆ ಬೆಚ್ಚನೆಯ ನೀರಿನ ಹನಿ ಇಳಿಬಿಟ್ಟಾಗ, ಆ ಬಿಸಿ ಇಲ್ಲದ ಕೈಯುದ್ದಕ್ಕೂ ಇಳಿದುಹೋದಂತೆ ಅವನಿಗೆ ಅನಿಸಿತು. ಮದ್ರಾಸಿನ ಸ್ಟ್ಯಾನ್ಲಿ ಮೆಡಿಕಲ್ ಕಾಲೇಜಿನಲ್ಲಿ ಓದಿದ್ದ ರಾಮಚಂದ್ರನ್ 1992ರಲ್ಲಿ ಇದನ್ನು ಪ್ರಕಟಿಸಿದ ಮೇಲೆ, ಮಿದುಳಿನ ಬಗ್ಗೆ ಮಾತಾಡುವ ಪುಸ್ತಕಗಳಲ್ಲೆಲ್ಲ ಈ ಹುಡುಗನ ಕೆನ್ನೆ ಬಂದುಹೋಯಿತು.

ಹೋದ ಅಂಗ ಇದ್ದ ಹಾಗೆಯೇ ಅನಿಸುವುದು ಹಳೆಯ ಸಂಗತಿ. ಅಮೆರಿಕದ ಅಂತರ್ಯುದ್ಧದಲ್ಲಿ ಕೈಕಾಲು ಕಳೆದುಕೊಂಡ ಸೈನಿಕರನ್ನು ಫಿಲಡೆಲ್ಫಿಯಾದಲ್ಲಿ ನೋಡಿಕೊಂಡ ವೈದ್ಯ ಸೈಲಾಸ್ ವಿಯರ್ ಮಿಚೆಲ್, 1871ರಲ್ಲಿ ಇದಕ್ಕೆ ಫ್ಯಾಂಟಮ್ ಲಿಂಬ್ ಎಂದು ಹೆಸರಿಟ್ಟರು. ಅಂಗ ತೆಗೆಸಿಕೊಂಡ ಹೆಚ್ಚುಕಡಿಮೆ ಎಲ್ಲರಿಗೂ ಇದು ಆಗುತ್ತದೆ. ಬೆರಳು ಮಡಿಸಿದಂತೆ, ಪಾದ ಕಡಿದಂತೆ, ಜೋಮು ಹಿಡಿದಂತೆ. ಬಹಳ ಮಂದಿಗೆ ಅದೇ ಜಾಗದಲ್ಲಿ ಉರಿ, ಚಳುಕು, ಉಗುರು ಅಂಗೈಗೆ ಒತ್ತಿದಂಥ ನೋವೂ ಇರುತ್ತದೆ. ಮನೆಯವರು ಅದನ್ನು ಭ್ರಮೆ ಅಂದುಕೊಂಡಾರು ಎಂಬ ಅಂಜಿಕೆಯಲ್ಲಿ ಎಷ್ಟೋ ಜನ ಬಾಯಿಬಿಡುವುದಿಲ್ಲ. ಅದು ಭ್ರಮೆಯಲ್ಲ, ಮನಸ್ಸಿನ ಕಾಯಿಲೆಯೂ ಅಲ್ಲ.

ಹಾಗಾದರೆ ಕೆನ್ನೆಗೂ ಹೆಬ್ಬೆರಳಿಗೂ ಏನು ಸಂಬಂಧ? ಇದಕ್ಕೆ ಕೆನಡಾದ ಮಾಂಟ್ರಿಯಲ್‌ನ ಒಂದು ಆಪರೇಷನ್ ಕೋಣೆಗೆ ಹೋಗಬೇಕು. ಅಲ್ಲಿ ವೈಲ್ಡರ್ ಪೆನ್‌ಫೀಲ್ಡ್ ಮೂರ್ಛೆರೋಗದವರ ಮಿದುಳಿಗೆ ಶಸ್ತ್ರಚಿಕಿತ್ಸೆ ಮಾಡುವಾಗ ರೋಗಿ ಎಚ್ಚರವಾಗಿಯೇ ಇರುತ್ತಿದ್ದ. ಮಿದುಳಿನ ಮೇಲ್ಪದರಕ್ಕೆ ಸಣ್ಣ ವಿದ್ಯುತ್ ತಾಗಿಸಿದರೆ, ಈ ಚುಕ್ಕೆಗೆ ಬೆರಳು ಜುಮ್ಮೆನ್ನುತ್ತಿತ್ತು, ಆ ಚುಕ್ಕೆಗೆ ತುಟಿ. ಹೀಗೆ ಒಂದೊಂದೇ ಗುರುತು ಹಾಕುತ್ತ 1937ರ ಹೊತ್ತಿಗೆ ಇಡೀ ದೇಹದ ನಕ್ಷೆಯೇ ಸಿದ್ಧವಾಯಿತು. ನಡುನೆತ್ತಿಯಿಂದ ಕಿವಿಯ ಕಡೆಗೆ ಇಳಿಯುವ ಒಂದು ಪಟ್ಟಿಯಲ್ಲಿ ಕಾಲು, ಮುಂಡ, ತೋಳು, ಕೈ, ಮುಖ ಸಾಲಾಗಿ ಬರುತ್ತವೆ. ಬೆನ್ನಿಗೆ ಸಿಕ್ಕಿರುವುದು ಚೂರು ಜಾಗ. ಬೆರಳಿಗೂ ತುಟಿಗೂ ಧಾರಾಳ. ದೇಹದಲ್ಲಿ ಕೈ ಒಂದು ಕಡೆ, ಮುಖ ಇನ್ನೊಂದು ಕಡೆ ಇದ್ದರೂ ಈ ನಕ್ಷೆಯಲ್ಲಿ ಅವೆರಡೂ ಅಕ್ಕಪಕ್ಕದ ಮನೆ.

ಇದರ ಜೊತೆಗೆ 1991ರಲ್ಲಿ ಇನ್ನೊಂದು ಸಾಕ್ಷಿ ಸಿಕ್ಕಿತ್ತು. ತೋಳಿನ ಸ್ಪರ್ಶದ ನರಗಳನ್ನು ಬೆನ್ನುಹುರಿಯ ಬಳಿ ಕತ್ತರಿಸಿ ಸುಮಾರು 12 ವರ್ಷವಾಗಿದ್ದ ಕೋತಿಗಳನ್ನು ಟಿಮ್ ಪಾನ್ಸ್ ಮತ್ತು ಜೊತೆಗಾರರು ಪರೀಕ್ಷಿಸಿದರು. ಕೈಗೆ ಮೀಸಲಾದ ಜಾಗ ಸುಮ್ಮನೆ ಬಿದ್ದಿರಬೇಕಿತ್ತು. ಆದರೆ ಮುಖ ಮುಟ್ಟಿದರೆ ಆ ಜಾಗ ಚುರುಕಾಗುತ್ತಿತ್ತು. ಹಾಗಾಗಿ ವಿವರಣೆ ಸಲೀಸಾಗಿ ಹುಟ್ಟಿತು: ಕೈ ಹೋದ ಮೇಲೆ ಖಾಲಿ ಬಿದ್ದ ಜಾಗಕ್ಕೆ ಪಕ್ಕದ ಮುಖ ಒತ್ತುವರಿ ಮಾಡುತ್ತದೆ, ಮಿದುಳು ತನ್ನ ನಕ್ಷೆಯನ್ನೇ ಹೊಸದಾಗಿ ಬರೆದುಕೊಳ್ಳುತ್ತದೆ, ಒತ್ತುವರಿ ಹೆಚ್ಚಿದಷ್ಟೂ ನೋವು ಹೆಚ್ಚುತ್ತದೆ. ಎರಡು ದಶಕ ವೈದ್ಯವಿದ್ಯಾರ್ಥಿಗಳು ಇದನ್ನೇ ಓದಿದರು.

ಈ ಕಥೆಯಲ್ಲಿ ಒಂದು ತೊಡಕಿತ್ತು. ಜಾಗವನ್ನು ಮುಖ ಹಿಡಿದುಕೊಂಡಿದ್ದರೆ, ಇಲ್ಲದ ಬೆರಳುಗಳನ್ನು ಒಂದೊಂದಾಗಿ ಆಡಿಸಬಲ್ಲೆ ಎನ್ನುವವರ ಅನುಭವ ಎಲ್ಲಿಂದ ಬರುತ್ತದೆ? ತಮಾರ್ ಮೇಕಿನ್ ಎಂಬ ವಿಜ್ಞಾನಿ ಹಿಡಿದದ್ದು ಈ ಎಳೆಯನ್ನು. ಆವರೆಗಿನ ಅಧ್ಯಯನಗಳೆಲ್ಲ ಕೈ ಹೋದವರನ್ನು ಕೈ ಇರುವ ಬೇರೆಯವರೊಂದಿಗೆ ಹೋಲಿಸಿದ್ದವು. ಒಬ್ಬರನ್ನೇ ಕೈ ತೆಗೆಯುವ ಮೊದಲು, ತೆಗೆದ ಮೇಲೆ ನೋಡಿದರೆ ಮಾತ್ರ ನಕ್ಷೆ ಬದಲಾಯಿತೋ ಇಲ್ಲವೋ ಖಚಿತವಾಗುತ್ತದೆ. ಅಂಥವರು ಸಿಗುವುದೇ ಕಷ್ಟ. ಅಪಘಾತಕ್ಕೆ ಮುಂಚೆ ಯಾರೂ ಸ್ಕ್ಯಾನಿಂಗ್ ಮಾಡಿಸಿಕೊಂಡಿರುವುದಿಲ್ಲ.

ಕಾಯಿಲೆಯ ಕಾರಣಕ್ಕೆ ಕೈ ತೆಗೆಸಿಕೊಳ್ಳಲಿದ್ದ ಮೂವರು ಕೊನೆಗೂ ಸಿಕ್ಕರು. ಶಸ್ತ್ರಚಿಕಿತ್ಸೆಗೆ ಮುಂಚೆ ಅವರು ಸ್ಕ್ಯಾನರ್‌ನೊಳಗೆ ಮಲಗಿ ಒಂದೊಂದೇ ಬೆರಳು ಆಡಿಸಿದರು, ತುಟಿ ಮುದುಡಿದರು. ಕೈ ಹೋದ ಮೇಲೆ, 3 ತಿಂಗಳಿಗೆ, 6 ತಿಂಗಳಿಗೆ, ಒಬ್ಬರಲ್ಲಂತೂ 5 ವರ್ಷದ ಮೇಲೂ, ಅದನ್ನೇ ಮಾಡಿಸಿದರು. ಈಗ ಆಡಿಸಬೇಕಾದದ್ದು ಇಲ್ಲದ ಬೆರಳುಗಳನ್ನು. 2025ರಲ್ಲಿ ಪ್ರಕಟವಾದ ಫಲಿತಾಂಶ ನೋಡಿದರೆ, ಹಿಂದಿನ ಚಿತ್ರವನ್ನೂ ಮುಂದಿನ ಚಿತ್ರವನ್ನೂ ಬೇರೆಬೇರೆಯೆಂದು ಹೇಳುವುದೇ ಕಷ್ಟ. ಕೈ ಇದ್ದಾಗಿನ ಮಾದರಿಗಳನ್ನು ಕಲಿಸಿದ್ದ ಕಂಪ್ಯೂಟರ್ ಲೆಕ್ಕಾಚಾರ, ಕೈ ಹೋದ ಮೇಲೂ ಯಾವ ಬೆರಳನ್ನು ಆಡಿಸುತ್ತಿದ್ದಾರೆಂದು ಗುರುತಿಸಿತು. ತುಟಿ ತನ್ನ ಜಾಗದಲ್ಲೇ ಇತ್ತು. ಮೂವರೇ ಆದರೂ, ಅವರವರನ್ನು ಅವರವರೊಂದಿಗೇ ಹೋಲಿಸಿದ್ದರಿಂದ ಇದಕ್ಕೆ ಹಿಂದಿನ ಎಷ್ಟೋ ಅಧ್ಯಯನಗಳಿಗಿಂತ ಹೆಚ್ಚು ತೂಕವಿದೆ.

ಹಾಗಿದ್ದರೆ ಕೋತಿಗಳಲ್ಲಿ ಕಂಡದ್ದು ಸುಳ್ಳೇ? ಸುಳ್ಳಲ್ಲ, ಹುಡುಕಿದ ಜಾಗ ಬೇರೆಯಾಗಬೇಕಿತ್ತು. ಇದಕ್ಕೆ ಒಂದು ಸುಳಿವು ಕೊಟ್ಟವರು ಹರಿಯಾಣದ ಮಾನೇಸರ್‌ನ ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರದ ನೀರಜ್ ಜೈನ್ ಮತ್ತು ಸಂಗಡಿಗರು. ಬೆನ್ನುಹುರಿಗೆ ಪೆಟ್ಟಾದ ಕೋತಿಗಳಲ್ಲಿಯೂ ಕೈಯ ಜಾಗ ಮುಖದ ಸ್ಪರ್ಶಕ್ಕೆ ಓಗೊಡುತ್ತದೆ. ಅವರು ಮೇಲ್ಪದರದಲ್ಲಿ ಮುಖದ ಜಾಗವನ್ನೇ ಮರಗಟ್ಟಿಸಿ ನೋಡಿದರು. ಕೈಯ ಜಾಗ ಮೊದಲಿನಂತೆಯೇ ಓಗೊಟ್ಟಿತು. ಕೆಳಗೆ ಮಿದುಳಿನ ಕಾಂಡದಲ್ಲಿ ಕೈಯ ಸುದ್ದಿ ಹಾದುಹೋಗುವ ಗಂಟಿಗೆ ಮರಗಟ್ಟಿಸುವ ಔಷಧ ಕೊಟ್ಟಾಗ ಆ ಪ್ರತಿಕ್ರಿಯೆ ನಿಂತಿತು. 2014ರಲ್ಲಿ ಬಂದ ಈ ಕೆಲಸದ ಪ್ರಕಾರ, ಅಕ್ಕಪಕ್ಕದ ತಂತಿಗಳು ಕೂಡಿಕೊಂಡದ್ದು ಕೆಳಗಿನ ಜಂಕ್ಷನ್ನಿನಲ್ಲಿ, ಮೇಲಿನ ನಕ್ಷೆಯಲ್ಲಲ್ಲ.

ಇದರಿಂದ ನೋವಿನ ಚಿಕಿತ್ಸೆಯ ಯೋಚನೆಯೂ ತಿರುಗುತ್ತದೆ. ರಾಮಚಂದ್ರನ್ ಅವರೇ ರೂಢಿಗೆ ತಂದ ಕನ್ನಡಿಯ ವಿಧಾನ ಸರಳ: ಎರಡು ಕಾಲುಗಳ ನಡುವೆ ಕನ್ನಡಿ ನಿಲ್ಲಿಸಿ, ಉಳಿದ ಕಾಲಿನ ಬಿಂಬ ಹೋದ ಕಾಲಿನ ಜಾಗದಲ್ಲಿ ಕಾಣುವಂತೆ ಕೂತು, ಎರಡನ್ನೂ ಒಟ್ಟಿಗೆ ಆಡಿಸುವುದು. 2007ರಲ್ಲಿ ಅಮೆರಿಕದ ಸೈನಿಕರ ಮೇಲೆ ನಡೆದ ಚಿಕ್ಕ ಪರೀಕ್ಷೆಯಲ್ಲಿ ದಿನಕ್ಕೆ 15 ನಿಮಿಷದಂತೆ 4 ವಾರ ಮಾಡಿದವರ ನೋವು ಇಳಿಯಿತು. ಆದರೆ ಎಲ್ಲರಿಗೂ ಹಾಗಾಗುವುದಿಲ್ಲ. ನಕ್ಷೆ ಕೆಟ್ಟೇ ಇಲ್ಲ ಎಂದಮೇಲೆ, ಅದನ್ನು ಸರಿಪಡಿಸುವುದರಿಂದಲೇ ನೋವು ಹೋಗುತ್ತದೆ ಎನ್ನಲು ಆಧಾರವಿಲ್ಲ. ಹಾಗಾಗಿ ಕತ್ತರಿಸಿದ ನರದ ತುದಿಯತ್ತ ಗಮನ ಮರಳಿದೆ. ಆ ತುದಿ ಬೆಳೆಯಲು ಹೋಗಿ ದಾರಿ ಸಿಗದೆ ಗಂಟುಕಟ್ಟುತ್ತದೆ, ಅಲ್ಲಿಂದ ಸುಳ್ಳು ಸುದ್ದಿ ಮೇಲಕ್ಕೆ ಹೋಗುತ್ತಿರುತ್ತದೆ. ಈಗ ಕೆಲವು ಶಸ್ತ್ರಚಿಕಿತ್ಸಕರು ಆ ತುದಿಯನ್ನು ಹಾಗೇ ಬಿಡದೆ, ಪಕ್ಕದ ಸ್ನಾಯುವಿಗೆ ಹೋಗುವ ಸಣ್ಣ ನರಕ್ಕೆ ಹೊಲಿದು, ಬೆಳೆಯಲು ಒಂದು ಗುರಿ ಕೊಡುತ್ತಾರೆ.

ಸಕ್ಕರೆ ಕಾಯಿಲೆಯಿಂದಲೋ ಅಪಘಾತದಿಂದಲೋ ಕಾಲು ತೆಗೆಸಿಕೊಂಡವರಿರುವ ಮನೆಯಲ್ಲಿ ಒಂದು ವ್ಯತ್ಯಾಸ ತಿಳಿದಿರಬೇಕು. ಉಳಿದ ತುದಿಯನ್ನೇ ಒತ್ತಿದರೆ ನೋವು, ಕೆಂಪು, ಬಿಸಿ, ಕೀವು ಇದ್ದರೆ ಅದು ತುದಿಯದೇ ತೊಂದರೆ, ಆ ದಿನವೇ ವೈದ್ಯರಿಗೆ ತೋರಿಸಬೇಕು. ಇಲ್ಲದ ಪಾದದಲ್ಲಿ ನೋವೆಂದರೆ ಅದನ್ನೂ ಹಾಗೆಯೇ ಹೇಳಬೇಕು, ಅದಕ್ಕೆ ಬೇರೆ ಔಷಧಗಳಿವೆ. ನೋವಿಲ್ಲದೆ ಬರೀ ಕಾಲು ಇದ್ದಂತೆ ಅನಿಸುವುದಕ್ಕೆ ಚಿಕಿತ್ಸೆ ಬೇಡ. ಆದರೆ ರಾತ್ರಿ ನಿದ್ದೆಗಣ್ಣಿನಲ್ಲಿ ಎದ್ದು, ಇಲ್ಲದ ಕಾಲನ್ನೇ ಊರಿ ಬಿದ್ದವರಿದ್ದಾರೆ. ಊರುಗೋಲು ಮಂಚದಲ್ಲಿ ಕೈಗೆ ಎಟಕುವ ಕಡೆಯೇ ಇರಲಿ, ಪಕ್ಕದಲ್ಲೊಂದು ಸಣ್ಣ ದೀಪ ಉರಿಯುತ್ತಿರಲಿ.