ತಂಪು ಇರುವುದು ಬಟ್ಟೆಯ ಮೈಯಲ್ಲಿ

ಅಂಗಡಿಯವನು ಮೇಜಿನ ಮೇಲೆ ರೇಷ್ಮೆ ಸೀರೆ, ಲಿನನ್ ಶರ್ಟು, ಉಣ್ಣೆಯ ಶಾಲು, ಫ್ಲೀಸ್ ಜಾಕೆಟ್ಟು ಹರಡಿದ್ದಾನೆ ಎನ್ನಿ. ಅಂಗಡಿಯೊಳಗೆ 25 ಡಿಗ್ರಿ ಇದ್ದರೆ ನಾಲ್ಕೂ 25 ಡಿಗ್ರಿಯಲ್ಲೇ ಇರುತ್ತವೆ. ಆದರೂ ಮೊದಲೆರಡು ಬೆರಳಿಗೆ ತಣ್ಣಗೆ, ಉಳಿದೆರಡು ಬೆಚ್ಚಗೆ. ನಮ್ಮ ಚರ್ಮ ಸುಮಾರು 33 ಡಿಗ್ರಿ ಇರುವುದರಿಂದ ಮುಟ್ಟಿದೊಡನೆ ಶಾಖ ಬಟ್ಟೆಯ ಕಡೆಗೆ ಹರಿಯುತ್ತದೆ. ಹರಿವು ಜೋರಾದಷ್ಟೂ ಚರ್ಮ ಬೇಗ ತಣಿಯುತ್ತದೆ. ನಾವು ತಂಪು ಎನ್ನುವುದು ಅದಕ್ಕೇ.

ನಾರಿನ ಗುಣವೇ ಹಾಗೆ ಎಂದು ಹೇಳಿಬಿಡುವುದು ಸುಲಭ. ಆದರೆ ಫ್ಲೀಸ್ ಕೂಡ ಪಾಲಿಯೆಸ್ಟರೇ, ಕೋಟಿನೊಳಗಿನ ಜಾರುವ ಲೈನಿಂಗ್ ಬಟ್ಟೆಯೂ ಬಹಳ ಸಲ ಪಾಲಿಯೆಸ್ಟರೇ. ಒಂದು ಬೆಚ್ಚಗೆ, ಇನ್ನೊಂದು ತಣ್ಣಗೆ. ಫ್ಲೀಸನ್ನು ಹೆಣೆದ ಮೇಲೆ ಸಣ್ಣ ತಂತಿಗಳ ಬ್ರಷ್ಷಿನಿಂದ ಉಜ್ಜಿ ಅದರ ಮೈಯ ಎಳೆಗಳನ್ನು ಎಬ್ಬಿಸುತ್ತಾರೆ. ಬೆರಳಿಗೆ ತಾಗುವುದು ಆ ಎಳೆಗಳ ತುದಿ ಮಾತ್ರ, ಮಿಕ್ಕಿದ್ದೆಲ್ಲ ನಡುವೆ ನಿಂತ ಗಾಳಿ. ನಿಂತ ಗಾಳಿಯಲ್ಲಿ ಶಾಖ ಬಲು ನಿಧಾನವಾಗಿ ಸಾಗುತ್ತದೆ. ಉಣ್ಣೆಗೆ ಬ್ರಷ್ಷೂ ಬೇಕಿಲ್ಲ. ಅದರ ಕೂದಲು ಹುಟ್ಟಾ ಗುಂಗುರು. ನೂಲಿನಲ್ಲಿ ಅಡಗಿ ಕೂರದೆ ಹೊರಗೆ ಚಾಚಿಕೊಳ್ಳುತ್ತದೆ.

ರೇಷ್ಮೆಯದು ಇದಕ್ಕೆ ತದ್ವಿರುದ್ಧ. ಒಂದು ಗೂಡಿನಿಂದ ಬಿಚ್ಚಿದ ಎಳೆ ನೂರಾರು ಮೀಟರ್ ಉದ್ದ ಒಂದೇ ಸಮನೆ ಬರುತ್ತದೆ, ಹಾಗಾಗಿ ಬಟ್ಟೆಯ ಮೇಲೆ ಚಾಚಲು ತುದಿಗಳೇ ಇಲ್ಲ. ಬೆರಳು ನೇರವಾಗಿ ನಾರಿಗೇ ಅಂಟುತ್ತದೆ. ತೂತು ಬಿದ್ದ ಗೂಡಿನ ತುಂಡು ಎಳೆಗಳನ್ನು ನೂತು ನೇಯ್ದ ರೇಷ್ಮೆ ಅಷ್ಟು ತಣ್ಣಗಿರುವುದಿಲ್ಲ, ನಾರು ಅದೇ ಆದರೂ. ಲಿನನ್ನಿನ ಅಗಸೆ ನಾರೂ ಉದ್ದ, ಬಿರುಸು, ರೋಮ ಕಡಿಮೆ. ಇಸ್ತ್ರಿ ಹಾಕಿ ಚಪ್ಪಟೆ ಮಾಡಿದರೆ ಅದು ಇನ್ನಷ್ಟು ತಂಪು.

ಈ ಮೊದಲ ಸ್ಪರ್ಶವನ್ನು ಅಳೆಯುವ ಯಂತ್ರವೊಂದನ್ನು ಜಪಾನಿನ ಕ್ಯೋಟೊ ವಿಶ್ವವಿದ್ಯಾಲಯದ ಸುಯೋ ಕವಾಬಾಟಾ ರೂಪಿಸಿದರು. ಬಟ್ಟೆಗಿಂತ ಬಿಸಿಯಾದ ಲೋಹದ ಫಲಕವೊಂದನ್ನು ಅದರ ಮೇಲಿಟ್ಟು ಶಾಖದ ಹರಿವು ಎಷ್ಟಕ್ಕೆ ಏರುತ್ತದೆಂದು ನೋಡುತ್ತಾರೆ. ಆ ಶಿಖರ ಬರುವುದು ಸುಮಾರು 0.2 ಸೆಕೆಂಡಿನಲ್ಲಿ. ಬೆರಳೂ ತೀರ್ಪು ಕೊಡುವುದು ಹೆಚ್ಚುಕಡಿಮೆ ಅಷ್ಟರಲ್ಲೇ. ಮನೆಯಲ್ಲಿ ಪರೀಕ್ಷಿಸುವುದಾದರೆ ಒಂದು ಬದಿ ಮಾತ್ರ ರೋಮ ಎಬ್ಬಿಸಿದ ಹತ್ತಿ ಫ್ಲಾನೆಲ್ ಸಾಕು: ಎರಡೂ ಬದಿಯನ್ನು ಹಗುರವಾಗಿ ಕೆನ್ನೆಗೆ ತಾಗಿಸಿ. ಒತ್ತಿ ಹಿಡಿದರೆ ರೋಮ ಮಲಗಿ ವ್ಯತ್ಯಾಸ ಕರಗುತ್ತದೆ.

ಆದರೆ ಈ ತಂಪನ್ನು ನಂಬಿ ಸೀರೆ ಕೊಳ್ಳುವುದು ಅಷ್ಟು ಜಾಣತನವಲ್ಲ. ಸೀರೆ ಮೈಯ ಬಿಸಿಗೆ ಹೊಂದಿಕೊಂಡ ಮೇಲೆ ಆ ಮೊದಲ ಹರಿವು ಮುಗಿದಂತೆ. ಆಮೇಲೆ ನಡೆಯುವುದು ಗಾಳಿಯಾಡುವಿಕೆ, ಬೆವರು ಮತ್ತು ದಪ್ಪದ ಲೆಕ್ಕ. ಮದುವೆಮನೆಯಲ್ಲಿ ಭಾರಿ ಜರಿ ಸೀರೆಯುಟ್ಟವರಿಗೆ ಅದು ಗೊತ್ತು. ಕಲಬುರಗಿಯ ಮೇ ತಿಂಗಳಲ್ಲಿ ಬಟ್ಟೆಯೇ 40 ಡಿಗ್ರಿ ಮುಟ್ಟಿದಾಗ ಹರಿವು ತಿರುವುಮುರುವಾಗಿ ಚರ್ಮದ ಕಡೆಗೆ ಬರುತ್ತದೆ. ಆಗ ಮುಟ್ಟಿದರೆ ಉಣ್ಣೆ ಶಾಲಿಗಿಂತ ರೇಷ್ಮೆಯೇ ಹೆಚ್ಚು ಬಿಸಿ.