ಬಿಳಿಕೂದಲು ಕಪ್ಪಾಗಬೇಕು, ಬಣ್ಣ ಹಚ್ಚಿದ್ದು ಗೊತ್ತಾಗಬಾರದು: ಮದರಂಗಿ–ನೀಲಿಯ ಎರಡು ಹಂತದ ವಿಧಾನ

ಮದುವೆ ಮನೆಯಲ್ಲಿ ಹತ್ತು ಮಂದಿ ನಡುವೆ ನಿಂತರೂ ತಲೆಗೆ ಡೈ ಹಾಕಿದವರನ್ನು ಗುರುತಿಸುವುದು ಕಷ್ಟವಲ್ಲ. ಬುಡದಿಂದ ತುದಿಯವರೆಗೆ ಒಂದೇ ಸಮನೆ ಕಪ್ಪು, ಶಾಯಿಯಲ್ಲಿ ಅದ್ದಿ ತೆಗೆದಂತೆ. ಬಿಸಿಲಿಗೆ ಬಂದರೂ ಆ ಕಪ್ಪು ಬದಲಾಗುವುದಿಲ್ಲ. ಹದಿನೈದು ದಿನ ಕಳೆದರೆ ಬೈತಲೆಯಲ್ಲಿ ಸುಣ್ಣದ ಗೆರೆ ಎಳೆದ ಹಾಗೆ ಬಿಳಿ ಕಾಣಿಸಿಕೊಳ್ತದೆ. ಇದಕ್ಕೆ ಬಣ್ಣದ ಗುಣಮಟ್ಟ ಮಾತ್ರ ಕಾರಣವಲ್ಲ. ಎಲ್ಲಿ ಹಚ್ಚಬೇಕು, ಎಷ್ಟು ಹೊತ್ತು ಬಿಡಬೇಕು ಎಂಬ ಲೆಕ್ಕ ತಪ್ಪುವುದೇ ಹೆಚ್ಚಿನವರ ಸಮಸ್ಯೆ.

ಸಹಜ ಕಪ್ಪು ಒಂದೇ ಬಣ್ಣವಲ್ಲ

ನಮ್ಮ ಕಡೆಯವರ ಕೂದಲು ಕಪ್ಪು ಎಂದು ಹೇಳ್ತೇವೆ. ಒಂದು ಎಳೆಯನ್ನು ಬಿಸಿಲಿಗೆ ಹಿಡಿದು ನೋಡಿದರೆ ಅದು ಗಾಢ ಕಂದು ಎಂದು ಗೊತ್ತಾಗ್ತದೆ. ಬುಡದ ಕೂದಲು ಹೊಸದು, ಅದರಲ್ಲಿ ಬಣ್ಣ ಗಾಢವಾಗಿರುತ್ತದೆ. ತುದಿಯ ಕೂದಲು ಎರಡು ಮೂರು ವರ್ಷ ಬಿಸಿಲು, ಉಪ್ಪುಗಾಳಿ, ಸೋಪು ಕಂಡದ್ದು, ಅದು ಸ್ವಲ್ಪ ತೆಳುವಾಗಿರುತ್ತದೆ. ಹಣೆಯ ಅಂಚಿನ ಮತ್ತು ಕಿವಿಯ ಪಕ್ಕದ ಕೂದಲು ನೆತ್ತಿಯ ಹಿಂಭಾಗಕ್ಕಿಂತ ನಯವಾಗಿ, ತಿಳಿಯಾಗಿ ಕಾಣುತ್ತದೆ. ಕಣ್ಣು ‘ಇದು ಸಹಜ’ ಎಂದು ಒಪ್ಪುವುದು ಈ ಸಣ್ಣ ಸಣ್ಣ ವ್ಯತ್ಯಾಸಗಳನ್ನು ನೋಡಿ.

ತಲೆ ನೆರೆಯುವುದೂ ಒಂದೇ ಸಮನೆ ಅಲ್ಲ. ‘ಬೂದು ಕೂದಲು’ ಎಂದು ಕಾಣುವಲ್ಲಿ ಹೆಚ್ಚಾಗಿ ಪೂರ್ತಿ ಬಿಳಿಯಾದ ಎಳೆಗಳೂ ಇನ್ನೂ ಕಪ್ಪಾಗಿರುವ ಎಳೆಗಳೂ ಬೆರೆತಿರುತ್ತವೆ. ಹಾಗಾಗಿ ಬಣ್ಣ ಬೇಕಿರುವುದು ಬಿಳಿ ಎಳೆಗಳಿಗೆ ಮಾತ್ರ. ಕಪ್ಪು ಎಳೆ, ಹಳೆಯ ತುದಿ ಎಲ್ಲದಕ್ಕೂ ಪ್ರತಿ ತಿಂಗಳು ಹಚ್ಚುತ್ತಾ ಹೋದರೆ ಪದರದ ಮೇಲೆ ಪದರ ಕೂತು ವ್ಯತ್ಯಾಸ ಅಳಿಸಿಹೋಗುತ್ತದೆ. ಆಗ ಉಳಿಯುವುದು ಚಪ್ಪಟೆ ಕಪ್ಪು.

ಮದರಂಗಿ ಮೊದಲು, ನೀಲಿ ಆಮೇಲೆ

ಮದರಂಗಿ, ಅಂದರೆ ಮೈಲಾಂಜಿ, ಒಂದನ್ನೇ ಹಚ್ಚಿದರೆ ಬಿಳಿಕೂದಲು ಕಿತ್ತಳೆ ಆಗುತ್ತದೆ. ಅದರಲ್ಲಿರುವ ಲಾಸೋನ್ ಎಂಬ ಬಣ್ಣ ಕೂದಲಿನ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ. ಇಂಡಿಗೊ, ಅಂದರೆ ಕಾಸರಗೋಡು ಕಡೆ ನೀಲಯಮರಿ ಎಂದು ಕರೆಯುವ ನೀಲಿ ಗಿಡದ ಎಲೆಪುಡಿ, ಬಿಳಿಕೂದಲಿಗೆ ನೇರವಾಗಿ ಬಿದ್ದರೆ ನೀಲಿ ಅಥವಾ ಹಸಿರು ಛಾಯೆ ಬರುತ್ತದೆ, ಬೇಗ ತೊಳೆದೂ ಹೋಗುತ್ತದೆ. ಮೊದಲು ಕಿತ್ತಳೆ, ಅದರ ಮೇಲೆ ನೀಲಿ ಕೂತಾಗ ಎರಡೂ ಸೇರಿ ಗಾಢ ಕಂದಿನಿಂದ ಕಪ್ಪಿನವರೆಗಿನ ಬಣ್ಣ ಬರುತ್ತದೆ. ಎರಡೂ ತೆಳು ಪರದೆಯಂತಹ ಬಣ್ಣಗಳು. ಒಂದೊಂದು ಎಳೆ ಒಂದೊಂದು ಪ್ರಮಾಣದಲ್ಲಿ ಹಿಡಿಯುವುದರಿಂದ ಛಾಯೆಗಳು ತಾನಾಗಿಯೇ ಬೇರೆ ಬೇರೆಯಾಗುತ್ತವೆ. ಪಕ್ಕದ ಕಪ್ಪು ಎಳೆಗಳಲ್ಲಿ ಹೆಚ್ಚೇನೂ ಬದಲಾವಣೆ ಕಾಣುವುದಿಲ್ಲ.

ಬಣ್ಣ ಎಷ್ಟು ಗಾಢವಾಗಬೇಕು ಎಂಬುದು ನೀಲಿಯನ್ನು ಎಷ್ಟು ಹೊತ್ತು ಬಿಡುತ್ತೀರಿ ಎಂಬುದರಲ್ಲಿದೆ. ಬುಡದ ಆಳ, ಅಂಚಿನ ತಿಳಿ ಎರಡೂ ಇದರಿಂದಲೇ ಸಿಗುತ್ತವೆ.

ಒಂದು ಉದಾಹರಣೆ

ಉಪ್ಪಳದ 46 ವರ್ಷದ ಗೃಹಿಣಿಯೊಬ್ಬರು ಎಂದಿಟ್ಟುಕೊಳ್ಳಿ. ಭುಜದವರೆಗಿನ ಕೂದಲು. ಬೈತಲೆಯಲ್ಲಿ ಮತ್ತು ಎರಡೂ ಕಿವಿಗಳ ಮೇಲೆ ಮಾತ್ರ ನರೆ, ಹಿಂಭಾಗ ಇನ್ನೂ ಕಪ್ಪು. ಇವರಿಗೆ ತಲೆ ಪೂರ್ತಿ ಹಚ್ಚುವ ಅಗತ್ಯವೇ ಇಲ್ಲ.

ರಾತ್ರಿ 50 ಗ್ರಾಂ ಮದರಂಗಿ ಪುಡಿಗೆ ಒಂದು ಚಮಚ ನಿಂಬೆರಸ, ಉಗುರುಬೆಚ್ಚಗಿನ ನೀರು ಹಾಕಿ ಮೊಸರಿನ ಹದಕ್ಕೆ ಕಲಸಿ ಮುಚ್ಚಿಡಬೇಕು. ಬೆಳಗ್ಗೆ ಮೇಲ್ಪದರ ಕಂದಾಗಿದ್ದರೆ ಬಣ್ಣ ಬಿಟ್ಟಿದೆ ಎಂದರ್ಥ. ತಲೆಯನ್ನು ಎಣ್ಣೆ ಇಲ್ಲದಂತೆ ತೊಳೆದು ಒಣಗಿಸಿರಬೇಕು, ಎಣ್ಣೆ ಇದ್ದರೆ ಬಣ್ಣ ಹಿಡಿಯುವುದಿಲ್ಲ. ಬಾಚಣಿಗೆಯ ಹಿಡಿಯಿಂದ ಕೂದಲನ್ನು ತೆಳುವಾಗಿ ಭಾಗ ಮಾಡುತ್ತಾ, ಹಳೆಯ ಬ್ರಷ್‌ನಿಂದ ಬಿಳಿ ಇರುವ ಬುಡಕ್ಕೆ ಮಾತ್ರ ಹಚ್ಚಬೇಕು. ಕಪ್ಪು ಶುರುವಾಗುವಲ್ಲಿ ನಿಲ್ಲಿಸಬೇಕು. ಪ್ಲಾಸ್ಟಿಕ್ ಟೋಪಿ ಹಾಕಿ ಎರಡೂವರೆ ಗಂಟೆ ಬಿಟ್ಟು, ಸೋಪು–ಶಾಂಪೂ ಇಲ್ಲದೆ ಬರೀ ನೀರಿನಲ್ಲಿ ತೊಳೆಯಬೇಕು. ಈಗ ಬೈತಲೆ ಕಿತ್ತಳೆಯಾಗಿ ಕಾಣುತ್ತದೆ. ಗಾಬರಿ ಬೇಡ, ಕೆಲಸ ಅರ್ಧ ಮಾತ್ರ ಆಗಿದೆ.

ಇಂಡಿಗೊ ಪುಡಿಯನ್ನು ಹಿಂದಿನ ರಾತ್ರಿ ಕಲಸಿಡಬಾರದು, ಅದರ ಬಣ್ಣ ಬೇಗ ಸಾಯುತ್ತದೆ. ತಲೆ ತೊಳೆದ ಮೇಲೆಯೇ 70 ಗ್ರಾಂ ಪುಡಿಗೆ ಒಂದು ಚಿಟಿಕೆ ಉಪ್ಪು, ಉಗುರುಬೆಚ್ಚಗಿನ ನೀರು ಸೇರಿಸಿ ಹತ್ತು ಹದಿನೈದು ನಿಮಿಷ ಬಿಟ್ಟು ಕೂಡಲೇ ಹಚ್ಚಬೇಕು. ನಿಂಬೆ ಹಾಕಲೇಬಾರದು. ಕೈಗವಸು ಕಡ್ಡಾಯ, ಇಲ್ಲದಿದ್ದರೆ ಉಗುರುಗಳಿಗೆ ನೀಲಿ ಹತ್ತುತ್ತದೆ.

ಮೊದಲು ಬೈತಲೆಯ ಹಿಂಭಾಗ ಮತ್ತು ಒಳಗಿನ ಬುಡಗಳಿಗೆ ದಪ್ಪವಾಗಿ ಹಚ್ಚಿ. ಇಲ್ಲಿ ಒಂದೂವರೆ ಗಂಟೆ ಬೇಕು. ಹಣೆಯ ಅಂಚಿಗೂ ಕಿವಿಯ ಪಕ್ಕಕ್ಕೂ ಕೊನೆಯ ನಲವತ್ತು ನಿಮಿಷಕ್ಕೆ ಮಾತ್ರ ಹಚ್ಚಿ. ಆ ಭಾಗ ಪೂರ್ತಿ ಕಪ್ಪಾಗದೆ ಗಾಢ ಕಂದಿನಲ್ಲಿ ನಿಲ್ಲುತ್ತದೆ, ಮುಖಕ್ಕೆ ಗಡಸು ಕಪ್ಪು ಚೌಕಟ್ಟು ಹಾಕಿದಂತೆ ಆಗುವುದಿಲ್ಲ. ಅಂಚಿನಲ್ಲಿ ನಾಲ್ಕಾರು ಬಿಳಿ ಎಳೆಗಳನ್ನು ಹಾಗೆಯೇ ಬಿಟ್ಟರೂ ನಷ್ಟವಿಲ್ಲ, ಹೊಸ ನರೆ ಬಂದಾಗ ಗೆರೆ ಎದ್ದು ಕಾಣದಿರಲು ಅವೇ ನೆರವಾಗುತ್ತವೆ. ತುದಿಗೆ ಏನೂ ಬೇಡ. ತುದಿ ತೀರಾ ಮಾಸಿದ್ದರೆ ಮೂರು ನಾಲ್ಕು ಸಲಕ್ಕೊಮ್ಮೆ, ಕೊನೆಯ ಹತ್ತು ನಿಮಿಷಕ್ಕೆ ಮಾತ್ರ ಬುಡದ ಲೇಪವನ್ನು ನೀರಾಗಿಸಿ ಕೆಳಕ್ಕೆ ಎಳೆದರೆ ಸಾಕು.

ಮಧ್ಯೆ ನಮಾಝಿನ ಹೊತ್ತು ಬರುವುದರಿಂದ ಸಮಯ ಹೊಂದಿಸಿಕೊಳ್ಳುವುದು ಒಳ್ಳೆಯದು. ಸುಬ್‌ಹಿಯ ಬಳಿಕ ಏಳು ಗಂಟೆಗೆ ಮದರಂಗಿ ಶುರು ಮಾಡಿದರೆ ಹನ್ನೆರಡರೊಳಗೆ ನೀಲಿ ತೊಳೆದು ಮುಗಿಯುತ್ತದೆ, ಲುಹರ್‌ಗೆ ವುಳೂ ಮಾಡುವಾಗ ತಲೆಯ ಮೇಲೆ ಲೇಪ ಇರುವುದಿಲ್ಲ.

ಮೂರು ದಿನ ಕಾಯಬೇಕು

ನೀಲಿ ತೊಳೆದ ಕೂಡಲೇ ಕನ್ನಡಿ ನೋಡಿ ನಿರ್ಧಾರ ಮಾಡಬೇಡಿ. ಮೊದಲ ದಿನ ಹಸಿರು ಛಾಯೆ ಕಾಣಬಹುದು. ಗಾಳಿ ತಾಗುತ್ತಾ ಹೋದಂತೆ ಎರಡು ಮೂರು ದಿನಗಳಲ್ಲಿ ಬಣ್ಣ ಗಾಢವಾಗುತ್ತದೆ. ಅಲ್ಲಿಯವರೆಗೆ ಶಾಂಪೂ ಬೇಡ.

ಮೂರು ದಿನದ ನಂತರವೂ ಹಸಿರು ಉಳಿದಿದ್ದರೆ ಮದರಂಗಿ ಸಾಕಷ್ಟು ಹಿಡಿದಿಲ್ಲ, ಆ ಭಾಗಕ್ಕೆ ಮತ್ತೆ ಮದರಂಗಿ ಬೇಕು. ಕೆಂಪು ಮೇಲೆ ಬಂದರೆ ಇಂಡಿಗೊ ಹಳತು, ಅಥವಾ ಸಮಯ ಸಾಲಲಿಲ್ಲ, ಅಥವಾ ಬೇಗ ಶಾಂಪೂ ಹಾಕಿದ್ದೀರಿ. ಆ ಜಾಗಕ್ಕೆ ಇಂಡಿಗೊ ಒಂದನ್ನೇ ಇನ್ನೊಮ್ಮೆ ಹಚ್ಚಬಹುದು. ತುದಿ ನೇರಳೆ ಮಿಶ್ರಿತ ಕಪ್ಪಾಗಿ ಮಂಕಾಗಿದ್ದರೆ ಪದರ ಹೆಚ್ಚಾಗಿದೆ, ಇದಕ್ಕೆ ಕತ್ತರಿ ಬಿಟ್ಟು ಸುಲಭದ ಮದ್ದಿಲ್ಲ. ಆದ್ದರಿಂದ ಮೊದಲೇ ಬಾಚಣಿಗೆಗೆ ಸಿಕ್ಕ ಬಿಳಿ ಎಳೆಗಳನ್ನು ಕೂಡಿಸಿ ದಾರ ಕಟ್ಟಿ, ಅದಕ್ಕೆ ಎರಡೂ ಹಂತ ಮಾಡಿ ನೋಡುವುದು ಜಾಣತನ. ನಲವತ್ತು ನಿಮಿಷಕ್ಕೆ ಏನಾಗುತ್ತದೆ, ಒಂದೂವರೆ ಗಂಟೆಗೆ ಏನಾಗುತ್ತದೆ ಎಂದು ಕೈಯಲ್ಲೇ ತಿಳಿಯುತ್ತದೆ.

ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ. ಐದಾರು ವಾರಕ್ಕೊಮ್ಮೆ ಆ ಒಂದೂವರೆ ಸೆಂಟಿಮೀಟರ್‌ಗೆ ಮಾತ್ರ ಹಚ್ಚಿದರೆ ಆಯ್ತು. ಇಂಡಿಗೊ ಮೇಲೆ ಬ್ಲೀಚ್ ಹಾಕಿದರೆ ಹಸಿರು ತಿರುಗುವ ಅಪಾಯವಿದೆ, ಮುಂದೆ ಬಣ್ಣ ತಿಳಿಮಾಡುವ ಆಲೋಚನೆ ಇರುವವರು ಈ ದಾರಿ ಹಿಡಿಯದಿರುವುದೇ ಲೇಸು.

‘ಕಪ್ಪು ಮೆಹಂದಿ’ ಎಂಬ ಪ್ಯಾಕೆಟ್

ಅಂಗಡಿಯಲ್ಲಿ ‘ಕಪ್ಪು ಮೆಹಂದಿ’ ಎಂದು ಸಿಗುವ ಪುಡಿಯನ್ನು ಗಿಡಮೂಲಿಕೆ ಎಂದು ನಂಬಿ ಹಚ್ಚುವವರು ಬಹಳ. ಶುದ್ಧ ಮದರಂಗಿ ಕಪ್ಪಾಗುವುದಿಲ್ಲ. ಅರ್ಧ ಗಂಟೆಯಲ್ಲಿ ಬಿಳಿಕೂದಲನ್ನು ಕಪ್ಪು ಮಾಡುವ ಪುಡಿಯಲ್ಲಿ ಹೆಚ್ಚಾಗಿ ಪಿಪಿಡಿ, ಅಂದರೆ ಪ್ಯಾರಾ ಫಿನೈಲಿನ್ ಡೈಅಮೀನ್, ಎಂಬ ರಾಸಾಯನಿಕ ಇರುತ್ತದೆ. ಪ್ಯಾಕೆಟಿನ ಹಿಂದೆ ಸಣ್ಣ ಅಕ್ಷರದಲ್ಲಿ ಅದರ ಹೆಸರಿದೆಯೇ ನೋಡಿ. ಪುಡಿಯ ಬಣ್ಣವೂ ಸುಳಿವು ಕೊಡುತ್ತದೆ: ಮದರಂಗಿ ಮತ್ತು ಇಂಡಿಗೊ ಎರಡೂ ಹಸಿರು ಪುಡಿಗಳು, ಪುಡಿಯೇ ಕಪ್ಪಾಗಿದ್ದರೆ ಅದು ಬೇರೇನೋ.

ಪಿಪಿಡಿ ಎಲ್ಲರಿಗೂ ಆಗದು ಎಂದಲ್ಲ. ಆದರೆ ಹತ್ತು ವರ್ಷ ಏನೂ ಆಗದವರಿಗೂ ಒಂದು ದಿನ ಅಲರ್ಜಿ ಶುರುವಾಗಬಹುದು, ಒಮ್ಮೆ ಶುರುವಾದರೆ ಸಾಮಾನ್ಯವಾಗಿ ಜೀವನಪೂರ್ತಿ ಉಳಿಯುತ್ತದೆ. ನೆತ್ತಿ ತುರಿಕೆ, ಕಿವಿಯ ಹಿಂದೆ ನೀರುಗುಳ್ಳೆ, ಕಣ್ಣಿನ ರೆಪ್ಪೆ ಊತ ಇದರ ಲಕ್ಷಣಗಳು. ಮುಖ ಊದಿ ಉಸಿರಾಟ ಕಷ್ಟವಾದರೆ ಮನೆಮದ್ದು ಬೇಡ, ತಕ್ಷಣ ಆಸ್ಪತ್ರೆಗೆ ಹೋಗಬೇಕು. ಯಾವುದೇ ಬಣ್ಣವಿರಲಿ, ಗಿಡಮೂಲಿಕೆಯೂ ಸೇರಿ, ಮೊಣಕೈ ಒಳಭಾಗಕ್ಕೆ ಸ್ವಲ್ಪ ಹಚ್ಚಿ 48 ಗಂಟೆ ನೋಡಿದ ಮೇಲೆಯೇ ತಲೆಗೆ ಹಾಕಬೇಕು. ಜಿ6ಪಿಡಿ ಕೊರತೆ ಇದೆ ಎಂದು ವೈದ್ಯರು ಹೇಳಿರುವವರು ಮದರಂಗಿಯನ್ನೂ ಅವರನ್ನು ಕೇಳದೆ ಹಚ್ಚಬಾರದು.

ಕಪ್ಪಿನ ಬಗ್ಗೆ ಒಂದು ಮಾತು

ನರೆಗೆ ಬಣ್ಣ ಹಚ್ಚುವ ವಿಷಯ ಬಂದಾಗ ಹದೀಸ್‌ಗಳಲ್ಲಿ ಮದರಂಗಿ ಮತ್ತು ಕತಮ್ ಎಂಬ ಗಿಡದ ಪ್ರಸ್ತಾಪವಿರುವುದು ಹಲವರಿಗೆ ಗೊತ್ತು. ಅಚ್ಚ ಕಪ್ಪನ್ನು ತಪ್ಪಿಸಬೇಕೆಂಬ ಹದೀಸೂ ಇದೆ. ಶಾಫಿಈ ಮದ್‌ಹಬ್‌ನ ಪ್ರಬಲ ಅಭಿಪ್ರಾಯ ಅಚ್ಚ ಕಪ್ಪಿಗೆ ವಿರುದ್ಧವಾಗಿದೆ, ಇತರ ವಿದ್ವಾಂಸರಲ್ಲಿ ಭಿನ್ನ ಅಭಿಪ್ರಾಯಗಳಿವೆ. ತಮ್ಮ ವಿಷಯದಲ್ಲಿ ಏನು ಸರಿ ಎಂಬುದನ್ನು ಉಸ್ತಾದರಲ್ಲಿ ಕೇಳಿ ತಿಳಿದುಕೊಳ್ಳಬೇಕು. ಕಪ್ಪಿನವರೆಗೆ ಹೋಗಲು ಇಷ್ಟಪಡದವರು ಎಲ್ಲ ಕಡೆಯೂ ನೀಲಿಯನ್ನು ನಲವತ್ತು ನಿಮಿಷಕ್ಕೇ ತೊಳೆದುಬಿಟ್ಟರೆ ಬಣ್ಣ ಗಾಢ ಕಂದಿನಲ್ಲೇ ನಿಲ್ಲುತ್ತದೆ. ನಲವತ್ತು ದಾಟಿದ ಮುಖಕ್ಕೆ ಹೊಂದುವುದೂ ಹೆಚ್ಚಾಗಿ ಅದೇ ಬಣ್ಣ.