ಜೋತುಬಿದ್ದ ಕಪಾಟಿನ ಬಾಗಿಲಿಗೆ ಯಾವ ಹಿಂಜ್?

ಅಡುಗೆಮನೆಯಲ್ಲಿ ಮೊದಲು ಜೋತುಬೀಳುವುದು ಸಾಮಾನ್ಯವಾಗಿ ಸಿಂಕಿನ ಕೆಳಗಿನ ಕಪಾಟಿನ ಬಾಗಿಲು. ಕಸದ ಬುಟ್ಟಿ ಅಲ್ಲೇ ಇರುವುದರಿಂದ ಅದನ್ನು ಎಲ್ಲರೂ ತೆಗೆದು ಹಾಕುತ್ತಲೇ ಇರುತ್ತಾರೆ, ಒಳಗೆ ತೇವವೂ ಆರುವುದಿಲ್ಲ. ಹಿಡಿಯ ಕಡೆಯ ಮೂಲೆ ಕೆಳಗಿಳಿದು ಚೌಕಟ್ಟಿಗೆ ಉಜ್ಜತೊಡಗಿದಾಗ ಹಾರ್ಡ್‌ವೇರ್ ಅಂಗಡಿಗೆ ಹೋಗಿ 'ಒಂದು ಹಿಂಜ್ ಕೊಡಿ' ಅನ್ನುತ್ತೇವೆ. 'ಯಾವುದು ಸಾರ್? ಬಟ್ಟಾ, ಆಟೋನಾ? ಎಷ್ಟು ಕ್ರ್ಯಾಂಕು?' ಎಂದು ಅಂಗಡಿಯವರು ಕೇಳಿದರೆ ಬಾಯಿ ಕಟ್ಟುತ್ತದೆ. ಈ ಪ್ರಶ್ನೆಗಳಿಗೆ ಉತ್ತರ ಮನೆಯ ಬಾಗಿಲಲ್ಲೇ ಇದೆ, ನೋಡಿಕೊಂಡು ಹೋಗಬೇಕು ಅಷ್ಟೆ.

ಅದಕ್ಕೂ ಮೊದಲು ಹಿಂಜ್ ನಿಜಕ್ಕೂ ಸವೆದಿದೆಯೇ ಎಂದು ಪರೀಕ್ಷಿಸಿ. ಬಾಗಿಲನ್ನು ಅರ್ಧ ತೆರೆದು, ಹಿಡಿಯ ಕಡೆಯ ತುದಿಯನ್ನು ಮೆಲ್ಲಗೆ ಮೇಲಕ್ಕೆತ್ತಿ ಇಳಿಸಿ. ಕಣ್ಣು ಹಿಂಜಿನ ಮೇಲಿರಲಿ. ಲೋಹದ ಭಾಗಗಳ ನಡುವೆಯೇ ಅಲುಗಾಟ ಕಂಡರೆ ಹಿಂಜ್ ಸವೆದಿದೆ. ಹಿಂಜ್ ಗಟ್ಟಿಯಾಗಿದ್ದು, ಅದು ಕೂತ ಮರದಿಂದಲೇ ಎದ್ದು ಬರುತ್ತಿದ್ದರೆ ಸ್ಕ್ರೂಗಳ ಹಿಡಿತ ಹೋಗಿದೆ. ಎರಡನೆಯ ಸ್ಥಿತಿಯಲ್ಲಿ ಹೊಸ ಹಿಂಜ್ ತಂದು ಅದೇ ತೂತುಗಳಿಗೆ ಹಾಕಿದರೆ ಸ್ವಲ್ಪ ದಿನಕ್ಕೆ ಮತ್ತೆ ಅದೇ ಕಥೆ.

ಇನ್ನು ಹಿಂಜಿನ ಜಾತಿ. ಬಾಗಿಲು ಮುಚ್ಚಿ ಹೊರಗಿನಿಂದ ನೋಡಿ. ಬಾಗಿಲಿಗೂ ಚೌಕಟ್ಟಿಗೂ ನಡುವಿನ ಸಂದಿಯಲ್ಲಿ ಬೆರಳ ಗೆಣ್ಣಿನಂಥ ಲೋಹದ ಉರುಳೆ ಕಂಡರೆ ಅದು ಬಟ್ ಹಿಂಜ್. ಎರಡು ಪಟ್ಟಿ, ನಡುವೆ ಒಂದು ಪಿನ್ನು, ಅಷ್ಟೇ ಅದರ ರಚನೆ. ಹಳೆಯ ಮರದ ಕಪಾಟು, ಗೋಡೆಯಲ್ಲೇ ಕೂರಿಸಿದ ಬೀರು ಇವುಗಳಲ್ಲೆಲ್ಲ ಇದೇ ಇರುತ್ತದೆ. ಬದಲಿಸುವುದೂ ಸುಲಭ. ಹಳೆಯದನ್ನು ಬಿಚ್ಚಿ ಅಂಗಡಿಗೇ ಒಯ್ದು, ಉದ್ದ, ಬಿಚ್ಚಿದಾಗಿನ ಅಗಲ, ಪಟ್ಟಿಯ ದಪ್ಪ ಮೂರನ್ನೂ ಹೋಲಿಸಿ ನೋಡಿ. ದಪ್ಪವನ್ನು ಯಾರೂ ಗಮನಿಸುವುದಿಲ್ಲ. ಆದರೆ ಬಡಗಿ ಹಳೆಯ ಪಟ್ಟಿಯ ದಪ್ಪಕ್ಕೆ ತಕ್ಕಂತೆ ಮರವನ್ನು ಕೊರೆದು ಅದನ್ನು ಸಮತಟ್ಟಾಗಿ ಕೂರಿಸಿರುತ್ತಾನೆ. ಹೊಸದು ದಪ್ಪವಾದರೆ ಹಿಂಜಿನ ಕಡೆಯ ಸಂದಿ ದೊಡ್ಡದಾಗಿ, ಬಾಗಿಲು ಎದುರಿನ ಚೌಕಟ್ಟಿಗೆ ತಾಗುತ್ತದೆ.

ಹೊರಗೆ ಏನೂ ಕಾಣದಿದ್ದರೆ ಬಾಗಿಲು ತೆರೆಯಿರಿ. ಬಾಗಿಲ ಹಿಂಬದಿಯಲ್ಲಿ ದುಂಡಗಿನ ಲೋಹದ ಬಟ್ಟಲು ಹುದುಗಿದ್ದು, ಅದರಿಂದ ಒಂದು ತೋಳು ಕಪಾಟಿನ ಒಳಗೋಡೆಗೆ ಚಾಚಿದ್ದರೆ ಅದು ಅಂಗಡಿಯವರ ಆಟೋ ಹಿಂಜ್, ಅಂದರೆ ಒಳಗೆ ಅಡಗಿ ಕೂರುವ ಹಿಂಜ್. ಪಕ್ಕದ ಅಂಚಿನಲ್ಲೂ ಹಿಂಬದಿಯಲ್ಲೂ ಏನೂ ಇಲ್ಲದೆ, ಬಾಗಿಲ ಮೇಲಿನ ಮತ್ತು ಕೆಳಗಿನ ಮೂಲೆಗಳಲ್ಲಿ ಮಾತ್ರ ಲೋಹ ಕಂಡರೆ ಅದು ಪಿವೋಟ್.

ಪಿವೋಟನ್ನು ನಾವು ಹೆಚ್ಚಾಗಿ ನೋಡುವುದು ಹಾಲ್‌ನ ಶೋಕೇಸಿನ ಗಾಜಿನ ಬಾಗಿಲಲ್ಲಿ. ಕೆಳಗೊಂದು ಮೇಲೊಂದು ಪಿನ್ನು, ಅವು ಹಲಗೆಯಲ್ಲಿ ಕೊರೆದ ಗುಳಿಯಲ್ಲಿ ತಿರುಗುತ್ತವೆ. ಹಳೆಯ ದೇವಸ್ಥಾನಗಳ ದಪ್ಪ ಬಾಗಿಲುಗಳು ಹೊಸ್ತಿಲ ಕುಳಿಯಲ್ಲಿ ತಿರುಗುವುದೂ ಇದೇ ಉಪಾಯದಿಂದ. ಇದರಲ್ಲಿ ಬಾಗಿಲ ಭಾರವೆಲ್ಲ ಕೆಳಗಿನ ಪಿನ್ನಿನ ಮೇಲೆ. ಮೇಲಿನದರ ಕೆಲಸ ಬಾಗಿಲು ವಾಲದಂತೆ ಹಿಡಿಯುವುದು. ಹಾಗಾಗಿ ಸವೆಯುವುದೂ ಕೆಳಗಿನದೇ, ಬಾಗಿಲು ಕೆಳ ಹಲಗೆಯನ್ನು ಕೆರೆಯತೊಡಗುತ್ತದೆ. ಬಿಚ್ಚುವಾಗ ಇನ್ನೊಬ್ಬರು ಗಾಜನ್ನು ಹಿಡಿದಿರಲೇಬೇಕು. ಗಾಜನ್ನು ಕಚ್ಚಿ ಹಿಡಿದ ಸ್ಕ್ರೂ ಸಡಿಲಿಸಿದೊಡನೆ ಅದು ಜಾರುತ್ತದೆ. ಹೊಸದನ್ನು ತರುವಾಗ ಗಾಜಿನ ದಪ್ಪ ಹೇಳಿ ತನ್ನಿ, ಹಿಡಿಕೆಯೊಳಗಿನ ಪ್ಲಾಸ್ಟಿಕ್ ತುಂಡನ್ನು ಬಿಡದೆ ಹಾಕಿ. ಲೋಹ ನೇರವಾಗಿ ಗಾಜಿಗೆ ಒತ್ತಿದರೆ ಗಾಜು ಬಿರುಕು ಬಿಡಬಹುದು.

ಜನ ನಿಜವಾಗಿ ಎಡವುವುದು ಆಟೋ ಹಿಂಜಿನಲ್ಲಿ, ಏಕೆಂದರೆ ಅಂಗಡಿಯಲ್ಲಿ ಎಲ್ಲವೂ ಒಂದೇ ಥರ ಕಾಣುತ್ತವೆ. ಬಟ್ಟಲಿನ ವ್ಯಾಸ ಬಹುಪಾಲು 35 ಮಿಲಿಮೀಟರ್, ಆದ್ದರಿಂದ ಯಾವ ಕಂಪನಿಯದಾದರೂ ಹಳೆಯ ಗುಂಡಿಯಲ್ಲಿ ಕೂರುತ್ತದೆ. ವ್ಯತ್ಯಾಸ ಇರುವುದು ತೋಳಿನ ಬಾಗಿನಲ್ಲಿ, ಅದನ್ನೇ ಕ್ರ್ಯಾಂಕ್ ಅನ್ನುವುದು. ತೋಳು ನೇರವಾಗಿದ್ದರೆ 0, ಸ್ವಲ್ಪ ಬಾಗಿದ್ದರೆ 8, ಚೆನ್ನಾಗಿ ಬಾಗಿದ್ದರೆ 16. ಮುಚ್ಚಿದ ಬಾಗಿಲು ಕಪಾಟಿನ ಅಂಚನ್ನು ಎಷ್ಟು ಮುಚ್ಚುತ್ತದೆ ಎಂಬುದನ್ನು ಈ ಬಾಗು ನಿರ್ಧರಿಸುತ್ತದೆ. ನೇರ ತೋಳಿನ ಹಿಂಜಿನಲ್ಲಿ ಬಾಗಿಲು ಪಕ್ಕದ ಹಲಗೆಯ ಅಂಚನ್ನು ಹೆಚ್ಚುಕಡಿಮೆ ಪೂರ್ತಿ ಮುಚ್ಚುತ್ತದೆ, 8ರದ್ದರಲ್ಲಿ ಅರ್ಧ, 16ರದ್ದರಲ್ಲಿ ಬಾಗಿಲು ಹಲಗೆಗಳ ನಡುವೆ ಒಳಗೇ ಕೂರುತ್ತದೆ.

ಸಿಂಕಿನ ಕಪಾಟಿಗೇ ಮರಳೋಣ. ಅದಕ್ಕೂ ಪಕ್ಕದ ಪಾತ್ರೆ ಕಪಾಟಿಗೂ ನಡುವೆ 18 ಮಿಲಿಮೀಟರ್ ಪ್ಲೈವುಡ್ಡಿನ ಒಂದೇ ಹಲಗೆ ಇದೆ, ಎರಡೂ ಬಾಗಿಲುಗಳ ಹಿಂಜ್ ಆ ಹಲಗೆಗೇ ಬಿಗಿದಿವೆ ಎಂದಿಟ್ಟುಕೊಳ್ಳಿ. ಆ 18ರಲ್ಲಿ ಈ ಬಾಗಿಲಿಗೆ 8, ಆ ಬಾಗಿಲಿಗೆ 8, ನಡುವೆ 2 ಮಿಲಿಮೀಟರ್ ಸಂದಿ. ಇಲ್ಲಿ ಬೇಕಿರುವುದು 8 ಕ್ರ್ಯಾಂಕ್. ಅಂಗಡಿಯವರು ಹೆಚ್ಚು ಖರ್ಚಾಗುವ ನೇರ ತೋಳಿನದನ್ನು ಕೊಟ್ಟು ಕಳಿಸಿದರೆ ಬಾಗಿಲು ಸುಮಾರು 16 ಮಿಲಿಮೀಟರ್ ಅಂಚನ್ನು ಆಕ್ರಮಿಸುತ್ತದೆ, ಪಕ್ಕದ ಬಾಗಿಲಿಗೆ ಡಿಕ್ಕಿ ಹೊಡೆಯುತ್ತದೆ. ಸ್ಕ್ರೂ ತಿರುಗಿಸಿ ಸರಿಪಡಿಸುತ್ತೇನೆಂದು ಹೊರಟರೆ ಅದು ಕೆಲವೇ ಮಿಲಿಮೀಟರ್ ಸರಿಯುತ್ತದೆ, 8 ಸರಿಯುವುದಿಲ್ಲ.

ಇದನ್ನು ಮೊದಲೇ ತಿಳಿಯಲು ಒಂದು ಪೆನ್ಸಿಲ್ ಸಾಕು. ಕೆಟ್ಟ ಬಾಗಿಲನ್ನು ನೆಟ್ಟಗೆ ಎತ್ತಿ ಹಿಡಿದು ಮುಚ್ಚಿ, ಪಕ್ಕದ ಬಾಗಿಲನ್ನು ತೆರೆದು, ನಡುಹಲಗೆಯ ಅಂಚಿನ ಮೇಲೆ ಕೆಟ್ಟ ಬಾಗಿಲು ಎಲ್ಲಿಗೆ ಬಂದು ನಿಂತಿದೆಯೋ ಅಲ್ಲಿ ಗೆರೆ ಎಳೆಯಿರಿ. ಆಮೇಲೆ ಬಾಗಿಲು ತೆರೆದು, ಹಲಗೆಯ ಒಳಮೈಯಿಂದ ಗೆರೆಯವರೆಗೆ ಅಳೆಯಿರಿ. ಆ ಅಳತೆಯನ್ನು ಹೇಳಿದರೆ ಅಂಗಡಿಯವರೇ ಸರಿಯಾದದ್ದನ್ನು ತೆಗೆದುಕೊಡುತ್ತಾರೆ. ತೋಳಿನ ಜೊತೆ ಅದರ ಕೆಳಗಿನ ಪ್ಲೇಟನ್ನೂ ತನ್ನಿ. ಒಂದು ಕಂಪನಿಯ ತೋಳು ಇನ್ನೊಂದರ ಪ್ಲೇಟಿಗೆ ಕೂರುವುದು ಅಪರೂಪ.

ಸ್ಕ್ರೂ ತೂತುಗಳು ದೊಡ್ಡದಾಗಿದ್ದರೆ ಮೊದಲು ಅವನ್ನು ತುಂಬಬೇಕು. ಮರದ ಕಡ್ಡಿಗಳಿಗೆ ಮರದ ಗೋಂದು ಹಚ್ಚಿ ತೂತಿನಲ್ಲಿ ಬಿಗಿಯಾಗಿ ತುರುಕಿ, ಒಂದು ರಾತ್ರಿ ಒಣಗಲು ಬಿಟ್ಟು, ಅಂಚಿಗೆ ಸಮನಾಗಿ ಕತ್ತರಿಸಿ, ಸಣ್ಣ ತೂತು ಕೊರೆದು ಸ್ಕ್ರೂ ಹಾಕಿ. ಪ್ಲೈವುಡ್ಡಿಗೆ ಇದು ಚೆನ್ನಾಗಿ ನಿಲ್ಲುತ್ತದೆ. ಪುಡಿಹಲಗೆಯ ಬಾಗಿಲು ನೀರು ಕುಡಿದು ಉಬ್ಬಿದ್ದರೆ ಅದಕ್ಕೆ ಈ ಉಪಾಯ ಸಲ್ಲ. ಬೆರಳಿಂದ ಒತ್ತಿದರೆ ಪುಡಿ ಉದುರುವ ಹಲಗೆಗೆ ಯಾವ ಹಿಂಜ್ ಹಾಕಿದರೂ ವ್ಯರ್ಥ, ಬಾಗಿಲನ್ನೇ ಬದಲಿಸಬೇಕು.

ಹೊಸ ಹಿಂಜ್ ಕೂರಿಸಿದ ಮೇಲೂ ಬಾಗಿಲು ತುಸು ಓರೆಯಾಗಿ ಕಂಡರೆ ಗಾಬರಿ ಬೇಡ. ತೋಳಿನ ಮೇಲೆ ಬಾಗಿಲಿಗೆ ಹತ್ತಿರವಿರುವ ಸ್ಕ್ರೂ ಸಾಮಾನ್ಯವಾಗಿ ಬಾಗಿಲನ್ನು ಎಡಬಲಕ್ಕೆ ಸರಿಸುತ್ತದೆ, ಹಿಂದಿನದು ಮುಂದೆ ಹಿಂದೆ. ಹಿಡಿಯ ಕಡೆ ಇಳಿದಿದ್ದರೆ ಮೇಲಿನ ಹಿಂಜಿನಲ್ಲಿ ಬಾಗಿಲನ್ನು ಹಿಂಜಿನ ಕಡೆಗೆ ಎಳೆದುಕೊಳ್ಳಿ, ಕೆಳಗಿನದರಲ್ಲಿ ಆಚೆಗೆ ತಳ್ಳಿ. ಒಮ್ಮೆಗೆ ಅರ್ಧ ಸುತ್ತು ಮಾತ್ರ ತಿರುಗಿಸಿ, ಬಾಗಿಲು ಮುಚ್ಚಿ ನೋಡಿ, ಮತ್ತೆ ತಿರುಗಿಸಿ.